40 ವರ್ಷದಿಂದ ಉಳುತ್ತಿರುವ ಗೋಮಾಳ, ಈಗ ತೆರವು ನೋಟಿಸ್ ಬಂದಿದೆ. ಇಷ್ಟು ವರ್ಷಕ್ಕೆ ಹಕ್ಕು ಬರಲ್ವಾ?

ರಾಗಿಹೊಲ

ಎಲ್ಲರಿಗೂ ನಮಸ್ಕಾರ. ನಮ್ಮದು ಅರಸೀಕೆರೆ ಕಡೆ ಒಂದು ಹಳ್ಳಿ. ಅಪ್ಪ 1984ರಲ್ಲಿ ಊರ ಗೋಮಾಳದಲ್ಲಿ 3 ಎಕರೆ 10 ಗುಂಟೆ ಹಸನು ಮಾಡಿ ರಾಗಿ ಹಾಕಲು ಶುರು ಮಾಡಿದರು. ಆಗ ಅಲ್ಲಿ ಬರೀ ಲಂಟಾನ, ಕಲ್ಲು. ಈಗ ಬೋರ್‌ವೆಲ್ ಇದೆ, ಕರೆಂಟ್ ಮೀಟರ್ ಇದೆ, ಮೂಲೆಯಲ್ಲಿ ಸಣ್ಣ ಮನೆ ಕಟ್ಟಿದ್ದೇವೆ, ಅದಕ್ಕೆ ಪಂಚಾಯ್ತಿ ಕಂದಾಯವನ್ನೂ ಕಟ್ಟುತ್ತೇವೆ. ಸರ್ಕಾರಿ ಜಾಗ ಉಳುವುದಕ್ಕೆ ಹಾಕುವ ಟಿ.ಟಿ. ದಂಡವನ್ನ 1987ರಿಂದ ಕಟ್ಟಿದ ರಸೀದಿಗಳಿವೆ. 1999ರಲ್ಲಿ ಅಪ್ಪ ಜಾಗ ಸಕ್ರಮ ಮಾಡಿ ಮಂಜೂರು ಮಾಡಿಕೊಡಿ ಅಂತ ನಮೂನೆ 53ರಲ್ಲಿ ಅರ್ಜಿ ಹಾಕಿದ್ದರು, ಅದರ ಸ್ವೀಕೃತಿ ಇದೆ. ಕೆಲವು ವರ್ಷ ಪಹಣಿಯ 12ನೇ ಕಾಲಂನಲ್ಲಿ ಅಪ್ಪನ ಹೆಸರೂ ಬಂದಿದೆ. ಅಪ್ಪ ತೀರಿಕೊಂಡರು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಇದಲ್ಲದೆ ನಮ್ಮ ಸ್ವಂತ ಜಮೀನು 2 ಎಕರೆ 5 ಗುಂಟೆ ಇದೆ.

ಕಳೆದ ವಾರ ತಹಶೀಲ್ದಾರ್ ಕಚೇರಿಯಿಂದ ನೋಟಿಸ್ ಬಂತು. ಕಲಂ 104 ಅಂತ ಬರೆದಿದೆ. ಜಾಗ ಯಾಕೆ ತೆರವು ಮಾಡಬಾರದು, ಉತ್ತರ ಕೊಡಿ ಅಂತಾರೆ. 40 ವರ್ಷ ಯಾರೂ ಕೇಳಲಿಲ್ಲ. ಇಷ್ಟು ವರ್ಷ ಅನುಭವದಲ್ಲಿದ್ದರೆ ಜಾಗ ನಮ್ಮದೇ ಆಗುತ್ತೆ ಅಲ್ವಾ? ಕೋರ್ಟಿಗೆ ಹೋಗಬೇಕಾ?

ಕೋರ್ಟ್‌ಕಟ್ಟೆ

ಅಣ್ಣ, ನಾನು ಕಾನೂನು ಓದುತ್ತಿದ್ದೇನೆ, ಕೊನೇ ವರ್ಷ. ಗಾಬರಿ ಆಗಬೇಡಿ. 12 ವರ್ಷ ಬಹಿರಂಗವಾಗಿ, ಅಡ್ಡಿ ಇಲ್ಲದೆ ಸ್ವಾಧೀನದಲ್ಲಿ ಇದ್ದರೆ ಪ್ರತಿಕೂಲ ಸ್ವಾಧೀನ ಅಂತ ಹಕ್ಕು ಬರುತ್ತೆ. ನಿಮ್ಮದು 40 ವರ್ಷ! 2019ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿದೆ. ಅಲ್ಲೀತನಕ ಇದನ್ನ ಪ್ರತಿವಾದಿ ಮಾತ್ರ ರಕ್ಷಣೆಗೆ ಬಳಸಬಹುದು ಅಂತಿತ್ತು. ಈಗ ನೀವೇ ವಾದಿಯಾಗಿ ಹೋಗಿ ಹಕ್ಕು ಘೋಷಣೆ ಕೇಳಬಹುದು. ಸಿವಿಲ್ ಕೋರ್ಟಲ್ಲಿ ದಾವೆ ಹಾಕಿ, ತಡೆಯಾಜ್ಞೆ ತಗೊಳ್ಳಿ. ದಂಡದ ರಸೀದಿ, ಮೀಟರ್ ಬಿಲ್, ಮನೆ ಕಂದಾಯ, ಪಹಣಿ, ಎಲ್ಲಾ ಹಾಜರುಪಡಿಸಿ.

ಹಳೇಶಿರಸ್ತೇದಾರ್

ಕೋರ್ಟ್‌ಕಟ್ಟೆಯವರೇ, ಸ್ವಲ್ಪ ತಡೀರಿ. ಈ ಸಲಹೆ ಕೇಳಿ ಅವರು ದಾವೆ ಹಾಕಿದರೆ ಇರುವ ಒಂದು ದಾರಿಯನ್ನೂ ಕಳೆದುಕೊಳ್ಳಬಹುದು.

ನೀವು ಹೇಳಿದ 12 ವರ್ಷ ಖಾಸಗಿ ಜಮೀನಿಗೆ, ಕಾಲಮಿತಿ ಕಾಯ್ದೆಯ 65ನೇ ಪರಿಚ್ಛೇದ. ಸರ್ಕಾರ ದಾವೆ ಹಾಕುವುದಾದರೆ 112ನೇ ಪರಿಚ್ಛೇದ ಬರುತ್ತೆ, ಅದರಲ್ಲಿ 30 ವರ್ಷ. 2019ರ ತೀರ್ಪನ್ನ ಸರಿಯಾಗೇ ಹೇಳಿದ್ದೀರಿ. ಆದರೆ ಅದೇ ತೀರ್ಪಲ್ಲಿ ಸಾರ್ವಜನಿಕ ಉದ್ದೇಶಕ್ಕೆ ಮೀಸಲಾದ ಜಾಗದ ಬಗ್ಗೆ ಬೇರೆ ಮಾತಿದೆ. ಅಂಥ ಜಾಗದ ಮೇಲೆ ಪ್ರತಿಕೂಲ ಸ್ವಾಧೀನದಿಂದ ಯಾವ ಹಕ್ಕೂ ಹುಟ್ಟದಂತೆ ಕಾಯ್ದೆಯಲ್ಲೇ ಸ್ಪಷ್ಟ ಮಾಡುವುದು ಒಳ್ಳೇದು ಅಂತ ನ್ಯಾಯಾಲಯ ಹೇಳಿದೆ. ಆ ಭಾಗವನ್ನೂ ಓದಿ.

ಈಗ ರಾಗಿಹೊಲ ಅವರ ಪ್ರಶ್ನೆಗೆ ಬರ್ತೀನಿ. ಮೂರು ದಶಕ ಕಂದಾಯ ಇಲಾಖೆಯಲ್ಲಿ ಇದೇ ಕಾಗದಗಳ ಮಧ್ಯೆ ಇದ್ದವನು ನಾನು. ನಿಮಗೆ ಬೇಜಾರಾದರೂ ಇದ್ದಿದ್ದನ್ನ ಇದ್ದ ಹಾಗೆ ಹೇಳ್ತೀನಿ. 40 ವರ್ಷ ಆಯಿತು ಅನ್ನುವ ಒಂದೇ ಕಾರಣಕ್ಕೆ ಆ ಜಾಗ ನಿಮ್ಮದಾಗಲ್ಲ.

ಪ್ರತಿಕೂಲ ಸ್ವಾಧೀನ ಅಂದರೆ ಸುಮ್ನೆ ಅಲ್ಲಿ ಇದ್ದುಬಿಡುವುದಲ್ಲ. 'ಈ ಜಾಗ ನನ್ನದು, ನೀನು ಮಾಲೀಕ ಅಂತ ನಾನು ಒಪ್ಪಲ್ಲ' ಅಂತ ನಿಜವಾದ ಮಾಲೀಕನಿಗೇ ಗೊತ್ತಾಗುವ ಹಾಗೆ ಹಿಡಿದಿರಬೇಕು. ಯಾವ ತಾರೀಖಿನಿಂದ ಹಾಗೆ ಹಿಡಿದಿರಿ ಅಂತಲೂ ಹೇಳಬೇಕು, ಅದನ್ನ ನೀವೇ ಸಾಬೀತು ಮಾಡಬೇಕು. ವಕ್ಫ್ ಮಂಡಳಿಗೂ ಕೇಂದ್ರ ಸರ್ಕಾರಕ್ಕೂ ಇದ್ದ ಕರ್ನಾಟಕದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಇದನ್ನ ಬಿಡಿಸಿ ಹೇಳಿದೆ.

ಈಗ ನಿಮ್ಮ ಕಾಗದಗಳನ್ನ ಈ ಕಣ್ಣಲ್ಲಿ ನೋಡಿ. ಟಿ.ಟಿ. ದಂಡ ಯಾಕೆ ಹಾಕುತ್ತಾರೆ? ಭೂಕಂದಾಯ ಕಾಯ್ದೆಯ 94ನೇ ಕಲಂ ಪ್ರಕಾರ, ಸರ್ಕಾರಿ ಜಮೀನನ್ನ ಅನಧಿಕೃತವಾಗಿ ಉಳುತ್ತಿದ್ದೀರಿ ಅಂತ. ಆ ರಸೀದಿಯಲ್ಲಿ ಎರಡು ವಿಷಯ ದಾಖಲಾಗಿದೆ. ಜಮೀನು ಸರ್ಕಾರದ್ದು, ನೀವು ಒತ್ತುವರಿದಾರರು. ಅದನ್ನ ಕೋರ್ಟಿಗೆ ಕೊಟ್ಟು 'ನೋಡಿ, ನಾನು ಮಾಲೀಕ' ಅನ್ನೋಕೆ ಆಗಲ್ಲ. ನಮೂನೆ 53 ಇನ್ನೂ ಗಟ್ಟಿ ಸಾಕ್ಷಿ. ನಿಮ್ಮ ತಂದೆ 1999ರಲ್ಲಿ ಸಹಿ ಹಾಕಿ 'ಇದು ಸರ್ಕಾರಿ ಜಮೀನು, ನಾನು ಅನುಮತಿ ಇಲ್ಲದೆ ಉಳುತ್ತಿದ್ದೇನೆ, ದಯವಿಟ್ಟು ಮಂಜೂರು ಮಾಡಿ' ಅಂತ ಕೇಳಿದ್ದಾರೆ. ನಿಮ್ಮದಲ್ಲ ಅಂತ ಒಪ್ಪಿಕೊಂಡು ಕೇಳಿದ ಮೇಲೆ ಪ್ರತಿಕೂಲ ಅನ್ನುವ ಮಾತು ನಿಲ್ಲಲ್ಲ. 1984ರಿಂದ 30 ವರ್ಷ ಎಣಿಸಿದರೆ 2014 ಆಗುತ್ತೆ, ನಿಜ. ಆದರೆ ಆ ಲೆಕ್ಕ 1987ರ ಮೊದಲ ರಸೀದಿಯಲ್ಲೇ ಮುರಿದುಬೀಳುತ್ತೆ.

ರಾಗಿಹೊಲ

ಸಾರ್, ಹಾಗಾದರೆ ಪಹಣಿಯಲ್ಲಿ ಅಪ್ಪನ ಹೆಸರು ಇದ್ದದ್ದು? ಅದು ಸರ್ಕಾರವೇ ಬರೆದಿದ್ದಲ್ವಾ? ಮೀಟರ್ ಕೊಟ್ಟಿದ್ದು, ಮನೆ ಕಂದಾಯ ತಗೊಂಡಿದ್ದು? ಸರ್ಕಾರಕ್ಕೆ ಎಲ್ಲಾ ಗೊತ್ತಿದ್ದೂ 40 ವರ್ಷ ಸುಮ್ಮನಿತ್ತಲ್ಲ.

ಹಳೇಶಿರಸ್ತೇದಾರ್

ಪಹಣಿ ತೆಗೆದು 9ನೇ ಕಾಲಂ ನೋಡಿ. ಅದರಲ್ಲಿ 'ಸರ್ಕಾರಿ ಗೋಮಾಳ' ಅಂತಲೇ ಇರುತ್ತೆ. ಹಕ್ಕುದಾರನ ಹೆಸರು ಬರುವ ಜಾಗ ಅದು. 12ನೇ ಕಾಲಂ ಆ ವರ್ಷ ಯಾರು ಬೆಳೆ ಬೆಳೆದರು ಅಂತ ಬರೆಯುವ ಜಾಗ ಅಷ್ಟೆ. ಅಲ್ಲಿ ಹೆಸರಿದ್ದರೆ ಉಳುಮೆಗೆ ಸಾಕ್ಷಿ, ಒಡೆತನಕ್ಕಲ್ಲ. ಮೀಟರ್, ಮನೆ ಕಂದಾಯ, ರೇಷನ್ ಕಾರ್ಡಿನ ವಿಳಾಸದ ಕಥೆಯೂ ಇದೇ. ನೀವು ಅಲ್ಲಿದ್ದಿರಿ ಅಂತ ಅವು ತೋರಿಸುತ್ತವೆ. ಜಾಗ ಯಾರದು ಅಂತ ಹೇಳುವ ಅಧಿಕಾರ ಪಂಚಾಯ್ತಿಗೂ ಇಲ್ಲ, ವಿದ್ಯುತ್ ಕಂಪನಿಗೂ ಇಲ್ಲ.

ಸರ್ಕಾರ ಸುಮ್ಮನಿತ್ತು ಅನ್ನುವುದನ್ನ ಎಲ್ಲರೂ ಕೇಳ್ತಾರೆ. ಹನುಮಯ್ಯ ಮತ್ತು ಕರ್ನಾಟಕ ಸರ್ಕಾರದ ಪ್ರಕರಣದಲ್ಲಿ, 2010ರಲ್ಲಿ, ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಸರ್ಕಾರದ ಆಸ್ತಿ ರಾಜ್ಯದ ತುಂಬಾ ಹರಡಿದೆ. ಖಾಸಗಿ ಮಾಲೀಕನ ಹಾಗೆ ಪ್ರತಿ ಗುಂಟೆಯನ್ನ ದಿನಾ ಕಾಯೋಕೆ ಆಗಲ್ಲ. ಹಾಗಾಗಿ ಸರ್ಕಾರಿ ಜಮೀನಿನ ಮೇಲೆ ಹಕ್ಕು ಕೇಳುವವನು ತನ್ನ ಹಕ್ಕು ಸ್ಪಷ್ಟವಾಗಿ ಸಾಬೀತು ಮಾಡಬೇಕು. ಸರ್ಕಾರಿ ವಕೀಲ ಸರಿಯಾಗಿ ವಾದಿಸಲಿಲ್ಲ ಅಂತ ಕೆಳಗಿನ ಕೋರ್ಟು ಸುಲಭವಾಗಿ ಡಿಕ್ರಿ ಕೊಡುವಂತಿಲ್ಲ ಅಂತಲೂ ಹೇಳಿದೆ.

ನಾನು ಇಲಾಖೆಯವನಾದರೂ ಒಂದು ಮಾತು ಒಪ್ಪಿಕೊಳ್ತೀನಿ. ಇಲಾಖೆಯ ಆಲಸ್ಯದಿಂದ ಸಾವಿರಾರು ಕುಟುಂಬಗಳು 'ಆಗುತ್ತೆ ಬಿಡು' ಅನ್ನುವ ನಂಬಿಕೆಯಲ್ಲಿ ಜೀವನ ಕಟ್ಟಿಕೊಂಡವು. ಅದು ಅನ್ಯಾಯವೇ. ಆದರೆ ಇಲಾಖೆ ತಡ ಮಾಡಿತು ಅಂತ ಊರಿನ ಗೋಮಾಳ ಒಬ್ಬರ ಹೆಸರಿಗೆ ಹೋಗಲ್ಲ.

ತಿಪಟೂರು ತೆಂಗು

ನಂದೂ ಇದೇ ತರ ಒಂದು ಸಮಸ್ಯೆ. 2011ರಲ್ಲಿ ಒಬ್ಬರಿಂದ 2 ಎಕರೆ ತಗೊಂಡೆ. ಅವರು 1980ರ ಆಸುಪಾಸಿನಿಂದ ಉಳುತ್ತಿದ್ದ ಸರ್ಕಾರಿ ಜಾಗ. ರಿಜಿಸ್ಟರ್ ಆಗಲ್ಲ ಅಂದರು, ಸ್ಟಾಂಪ್ ಪೇಪರಲ್ಲಿ 'ಅನುಭವದ ಹಕ್ಕು ಬಿಟ್ಟುಕೊಟ್ಟಿದ್ದೇನೆ' ಅಂತ ಬರೆಸಿಕೊಂಡೆ. ತೆಂಗು ಹಾಕಿ ಈಗ ಫಲ ಬರ್ತಾ ಇದೆ. ಅವರ ವರ್ಷ, ನನ್ನ ವರ್ಷ ಎರಡೂ ಸೇರಿಸಿದರೆ ನಂದೂ 40 ದಾಟುತ್ತೆ. ನನಗೆ ಸಕ್ರಮ ಆಗುತ್ತಾ?

ಹಳೇಶಿರಸ್ತೇದಾರ್

ನಿಮಗೆ ಮಾರಿದವರ ಹತ್ತಿರ ಏನಿತ್ತು? ಮಾಲೀಕತ್ವ ಇರಲಿಲ್ಲ. ಇಲ್ಲದ್ದನ್ನ ಬರೆದುಕೊಡೋಕೆ ಆಗಲ್ಲ. ಸ್ಟಾಂಪ್ ಪೇಪರ್ ಮೇಲೆ ಏನೇ ಬರೆದಿದ್ದರೂ ಸರ್ಕಾರದ ವಿರುದ್ಧ ಅದಕ್ಕೆ ಬೆಲೆ ಇಲ್ಲ.

ಸಕ್ರಮದ ವಿಚಾರದಲ್ಲೂ ನಿಮ್ಮದು ರಾಗಿಹೊಲ ಅವರಿಗಿಂತ ಕಷ್ಟ. ಸಕ್ರಮ ಅರ್ಜಿಯ ನಮೂನೆ 50 ಬಂದದ್ದು 1991ರಲ್ಲಿ, 53 ಬಂದದ್ದು 1998-99ರಲ್ಲಿ. ಇವೆರಡಕ್ಕೂ 14-4-1990ಕ್ಕಿಂತ ಮೊದಲಿಂದ ಉಳುಮೆ ಇರಬೇಕಿತ್ತು. ನಮೂನೆ 57, 2018ರದ್ದು, ಅದಕ್ಕೆ 1-1-2005ಕ್ಕಿಂತ ಮೊದಲು. ನೀವು ಅಲ್ಲಿಗೆ ಬಂದದ್ದೇ 2011. ಹಿಂದಿನವರ ವರ್ಷ ನಿಮ್ಮ ವರ್ಷಕ್ಕೆ ಕೂಡಿಕೊಳ್ಳಲ್ಲ. ಭೂಮಿ ಇಲ್ಲದ, ಕಡಿಮೆ ಇರುವ ಉಳುವವರಿಗೆ ಅಂತ ಮಾಡಿದ ಯೋಜನೆ ಅದು. ಕೊಂಡುಕೊಂಡವರಿಗಲ್ಲ.

ತಿಪಟೂರು ತೆಂಗು

ಆದ್ರೆ ನಮ್ಮ ಪಕ್ಕದ ಜಮೀನಿನವರಿಗೆ ಸಕ್ರಮ ಆಗಿದೆ! ಅವರೂ ನನ್ನ ತರಾನೇ ತಗೊಂಡವರು. ಅವರಿಗೆ ಒಂದು ನ್ಯಾಯ, ನನಗೆ ಒಂದು ನ್ಯಾಯಾನಾ?

ಕೋರ್ಟ್‌ಕಟ್ಟೆ

ಇದನ್ನ ನಮಗೆ ಕಾಲೇಜಲ್ಲಿ ಪಾಠ ಮಾಡಿದ್ದಾರೆ. ಸಮಾನತೆಯ ಹಕ್ಕು ಕಾನೂನಿನ ಪ್ರಕಾರ ಸಿಗಬೇಕಾದ್ದಕ್ಕೆ ಮಾತ್ರ. ಅವರಿಗೆ ತಪ್ಪಾಗಿ ಕೊಟ್ಟಿದ್ದರೆ 'ಅದೇ ತಪ್ಪನ್ನ ನನಗೂ ಮಾಡಿ' ಅಂತ ಕೋರ್ಟಲ್ಲಿ ಕೇಳೋಕಾಗಲ್ಲ. ಹೆಚ್ಚೆಂದರೆ ಅವರ ಮಂಜೂರಾತಿ ರದ್ದಾಗಬಹುದು. ಅದರಿಂದ ನಿಮಗೆ ಏನೂ ಸಿಗಲ್ಲ.

ಬೆಂಗಳೂರು ಸೈಟು

ಇದು ಅಕ್ರಮ ಸಕ್ರಮದ ವಿಷಯಾನಾ? ನಮ್ಮದು ಹೆಸರಘಟ್ಟ ರಸ್ತೆಯಲ್ಲಿ 30x40 ರೆವಿನ್ಯೂ ಸೈಟು. ಬಿ ಖಾತಾ ಇದೆ. ರಿಜಿಸ್ಟರ್ ಆಗಿದೆ, 15 ವರ್ಷದಿಂದ ಮನೆ ಕಟ್ಟಿಕೊಂಡು ಇದ್ದೀವಿ. ನಮ್ಮನ್ನೂ ಎಬ್ಬಿಸ್ತಾರಾ?

ಹಳೇಶಿರಸ್ತೇದಾರ್

ಇಲ್ಲ ಸ್ವಾಮಿ, ನಿಮ್ಮದು ಬೇರೇನೇ ವಿಷಯ. ನೀವು ಖಾಸಗಿ ಮಾಲೀಕರಿಂದ ರಿಜಿಸ್ಟರ್ಡ್ ಪತ್ರ ಮಾಡಿಸಿಕೊಂಡಿದ್ದೀರಿ ಅಂದುಕೊಂಡು ಹೇಳ್ತೀನಿ. ನಿಮ್ಮ ತೊಡಕು ಬಡಾವಣೆಗೆ ಅನುಮೋದನೆ ಇಲ್ಲದ್ದು, ಭೂಪರಿವರ್ತನೆ ಇಲ್ಲದ್ದು. ಜಾಗದ ಒಡೆತನದ ಪ್ರಶ್ನೆ ಅಲ್ಲಿಲ್ಲ. ಇಲ್ಲಿ ಮಾತಾಡ್ತಿರೋದು ಜಾಗವೇ ಸರ್ಕಾರದ್ದಾಗಿರುವವರ ಬಗ್ಗೆ. ಆದರೂ ನಿಮ್ಮ ಸರ್ವೆ ನಂಬರಿನ ಪೂರ್ತಿ ಪಹಣಿ, ಊರ ನಕ್ಷೆ ಒಮ್ಮೆ ತೆಗೆಸಿ ನೋಡಿ. ಒಂದಷ್ಟು ಗುಂಟೆ ಕೆರೆಗೋ ರಾಜಕಾಲುವೆಗೋ ಸೇರಿದ್ದರೆ ಆಗ ನೀವೂ ಈ ಸಾಲಿಗೇ ಬರ್ತೀರಿ. ಅದಕ್ಕೆ ಬಿ ಖಾತಾ ರಕ್ಷಣೆ ಕೊಡಲ್ಲ.

ಕುರಿಹಟ್ಟಿ

ಎಲ್ಲರೂ ಉಳುವವರ ಕಡೆಯಿಂದ ಮಾತಾಡ್ತಿದ್ದೀರಿ. ನಾನು ಇನ್ನೊಂದು ಕಡೆಯವಳು. ನಮ್ಮ ಮನೆಯಲ್ಲಿ ಜಮೀನೇ ಇಲ್ಲ, ಕುರಿ ಮತ್ತೆ ನಾಲ್ಕು ಹಸು. ನಮ್ಮಜ್ಜಿ ಕಾಲದಲ್ಲಿ ಗೋಮಾಳಕ್ಕೆ ಬೆಳಿಗ್ಗೆ ಬಿಟ್ಟರೆ ಸಂಜೆ ತಾವೇ ವಾಪಸ್ ಬರ್ತಿದ್ವಂತೆ. ಈಗ ಗೋಮಾಳ ಅಂತ ನಕ್ಷೆಯಲ್ಲಿದೆ, ಹೋದರೆ ಸುತ್ತ ತಂತಿಬೇಲಿ. ಬೇಲಿ ದಾಟಿದ ಕುರಿಯನ್ನ ಹಿಡಿದಿಟ್ಟುಕೊಂಡು ದಂಡ ಕೇಳ್ತಾರೆ. ಬೇಸಿಗೆಯಲ್ಲಿ ಮೇವು ದುಡ್ಡು ಕೊಟ್ಟು ತರ್ತೀವಿ. ಕೊನೆಗೆ ಅರ್ಧ ಕುರಿ ಮಾರಿದ್ವಿ.

ರಾಗಿಹೊಲ ಅಣ್ಣ, ನಿಮ್ಮ ಮೇಲೆ ಕೋಪ ಇಲ್ಲ. ಆದರೆ '40 ವರ್ಷ ಯಾರೂ ಕೇಳಲಿಲ್ಲ' ಅಂದಿರಲ್ಲ, ನಮ್ಮಂಥವರು ಕೇಳಿದ್ದೇವೆ. ಊರಲ್ಲಿ ನಮ್ಮ ಮಾತಿಗೆ ಬೆಲೆ ಇರಲಿಲ್ಲ ಅಷ್ಟೆ. ನಿಮ್ಮ 40 ವರ್ಷ ಎಣಿಸುವುದಾದರೆ ನಮ್ಮ ದನ ಮೇಯದ 40 ವರ್ಷವನ್ನ ಯಾರು ಎಣಿಸ್ತಾರೆ?

ರಾಗಿಹೊಲ

ಅಕ್ಕ, ನೀವು ಹೇಳೋದು ನನಗೆ ಅರ್ಥ ಆಗುತ್ತೆ. ಅಪ್ಪ ಶುರು ಮಾಡಿದಾಗ ಅಲ್ಲಿ ಹುಲ್ಲೂ ಸರಿಯಾಗಿ ಇರಲಿಲ್ಲ. ಆದರೆ ಈಗ ಸುತ್ತ ಎಲ್ಲಾ ಉಳುಮೆ ಆಗಿದೆ ಅನ್ನೋದು ನಿಜ.

ಹಳೇಶಿರಸ್ತೇದಾರ್

ಕುರಿಹಟ್ಟಿಯವರು ಹೇಳಿದ್ದು ಬರೀ ನೋವಿನ ಮಾತಲ್ಲ, ಸಕ್ರಮ ತೀರ್ಮಾನ ಆಗೋದೇ ಅದರ ಮೇಲೆ. ಸುಪ್ರೀಂ ಕೋರ್ಟಿನ ಜಗಪಾಲ್ ಸಿಂಗ್ ತೀರ್ಪು, ಜನವರಿ 2011ರದ್ದು, ಹುಟ್ಟಿದ್ದೂ ಇಂಥದೇ ಜಗಳದಿಂದ. ಪಂಜಾಬಿನ ಪಟಿಯಾಲ ಜಿಲ್ಲೆಯ ಒಂದು ಊರಿನ ಕೊಳದ ಜಾಗವನ್ನ ಕೆಲವರು ಮುಚ್ಚಿ ಮನೆ ಕಟ್ಟಿದರು. ಅಲ್ಲಿನ ಅಧಿಕಾರಿಗಳು 'ಆಗಲೇ ಕಟ್ಟಿಯಾಗಿದೆ, ಜಾಗದ ಬೆಲೆ ಕಟ್ಟಿಸಿಕೊಂಡು ಬಿಡಿ' ಅನ್ನೋ ಕಡೆ ಇದ್ದರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬಹಳ ವರ್ಷ ಆಯಿತು, ತುಂಬಾ ದುಡ್ಡು ಹಾಕಿ ಕಟ್ಟಿದ್ದಾರೆ, ರಾಜಕೀಯದವರು ಗೊತ್ತು, ಇವು ಯಾವುವೂ ಸಕ್ರಮಕ್ಕೆ ಕಾರಣ ಆಗಬಾರದು ಅಂತ ಬರೆಯಿತು. ಊರಿನ ಸಾಮೂಹಿಕ ಜಾಗಗಳ ಒತ್ತುವರಿ ತೆರವಿಗೆ ಯೋಜನೆ ಮಾಡಿ ಅಂತ ಎಲ್ಲಾ ರಾಜ್ಯಗಳಿಗೂ ಹೇಳಿತು. ಅಪರೂಪದ ಸಂದರ್ಭಕ್ಕೆ ಮಾತ್ರ ವಿನಾಯ್ತಿ ಇಟ್ಟಿತು. ಭೂಮಿ ಇಲ್ಲದ ಕೂಲಿಕಾರರಿಗೆ, ಪರಿಶಿಷ್ಟರಿಗೆ ಸರ್ಕಾರದ ಆದೇಶದ ಮೇಲೆ ಗುತ್ತಿಗೆ ಕೊಟ್ಟಿದ್ದರೆ, ಇಲ್ಲವೇ ಅಲ್ಲಿ ಶಾಲೆಯೋ ಆಸ್ಪತ್ರೆಯೋ ಬಂದಿದ್ದರೆ.

ನಮ್ಮ ರಾಜ್ಯದ ಬಗರ್ ಹುಕುಂ ವ್ಯವಸ್ಥೆ, ಅಂದರೆ ಅನುಮತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನ ಸಕ್ರಮ ಮಾಡುವುದು, ಶಾಸನಸಭೆ ಕೊಟ್ಟ ಒಂದು ರಿಯಾಯ್ತಿ. ಅದಕ್ಕೆ ಷರತ್ತುಗಳಿವೆ. ಷರತ್ತಿನ ಒಳಗೆ ಬಂದರೆ ಈ ಅರ್ಜಿಗಳನ್ನ ನೋಡುವ ಸಮಿತಿ ಮಂಜೂರು ಮಾಡಬಹುದು. ಅರ್ಜಿದಾರನಿಗೆ ಇರುವ ಹಕ್ಕು ಒಂದೇ, 'ನನ್ನ ಅರ್ಜಿಯನ್ನ ನಿಯಮದ ಪ್ರಕಾರ ನೋಡಿ ತೀರ್ಮಾನ ಹೇಳಿ' ಅಂತ ಕೇಳುವುದು. 'ಮಂಜೂರೇ ಮಾಡಿ' ಅನ್ನುವ ಹಕ್ಕಿಲ್ಲ. ವರ್ಷಗಳಿಗೆ ಅಲ್ಲಿ ಬೆಲೆ ಇದೆ, ಆದರೆ ಒಳಗೆ ಬರೋಕೆ ಮಾತ್ರ. 1990ಕ್ಕಿಂತ ಮೊದಲು ಉಳುತ್ತಿದ್ದರೆ ಅರ್ಜಿ ನೋಡ್ತಾರೆ. 1984 ಆದರೂ ಅಷ್ಟೇ, 1964 ಆದರೂ ಅಷ್ಟೇ, ಜಾಸ್ತಿ ವರ್ಷಕ್ಕೆ ಜಾಸ್ತಿ ಹಕ್ಕಿಲ್ಲ.

ರಾಗಿಹೊಲ ಅವರೇ, ನಿಮ್ಮದನ್ನೇ ಲೆಕ್ಕ ಹಾಕೋಣ. ನಿಮ್ಮೂರಲ್ಲಿ ಜಾನುವಾರು ಎಷ್ಟು, ಗೋಮಾಳ ಒಟ್ಟು ಎಷ್ಟು ಗೊತ್ತಾ?

ರಾಗಿಹೊಲ

ಗ್ರಾಮ ಆಡಳಿತಾಧಿಕಾರಿಯನ್ನ ಕೇಳಿದೆ ಸಾರ್. ಗೋಮಾಳ ದಾಖಲೆಯಲ್ಲಿ 96 ಎಕರೆ. ಜಾನುವಾರು ಗಣತಿಯಲ್ಲಿ 380 ಅಂತೆ.

ಹಳೇಶಿರಸ್ತೇದಾರ್

ಹಾಗಾದರೆ ನೋಡಿ. ಭೂಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇಡಬೇಕು. ಕಚೇರಿಯಲ್ಲಿ ಬಾಯಿಮಾತಿಗೆ 30 ಎಕರೆ ಅಂತೀವಿ. 380ಕ್ಕೆ 45.6 ಹೆಕ್ಟೇರ್, ಅಂದರೆ ಸುಮಾರು 113 ಎಕರೆ ಬೇಕು. ಇರೋದೇ 96. ನಿಮ್ಮೂರಿನ ಗೋಮಾಳ ಕಾಗದದ ಮೇಲೇ 17 ಎಕರೆ ಕೊರತೆಯಲ್ಲಿದೆ. ಸಮಿತಿ ಮೊದಲು ಕೇಳೋದು ಈ ಪ್ರಶ್ನೆ. ಹೆಚ್ಚುವರಿ ಗೋಮಾಳ ಇದ್ದರೆ ಅದರಲ್ಲಿ ಮಂಜೂರು ಮಾಡಬಹುದು, ಕೊರತೆ ಇದ್ದರೆ ಅರ್ಜಿ ತಿರಸ್ಕಾರ ಆಗುತ್ತೆ. ನಿಮ್ಮ ತಂದೆಯ ಅರ್ಜಿ ಇಷ್ಟು ವರ್ಷ ಹಾಗೇ ಬಿದ್ದಿರೋಕೆ ಇದೇ ಕಾರಣ ಇರಬಹುದು.

ಎರಡನೇದು ಮಿತಿ. ಸ್ವಂತ ಜಮೀನೂ ಸೇರಿ ಒಟ್ಟು 4 ಎಕರೆ 38 ಗುಂಟೆ ದಾಟುವಂತಿಲ್ಲ. ನಿಮ್ಮ ಹತ್ತಿರ 2 ಎಕರೆ 5 ಗುಂಟೆ ಇದೆ. ಎಲ್ಲಾ ಸರಿಯಿದ್ದರೂ ಸಿಗೋದು 2 ಎಕರೆ 33 ಗುಂಟೆ. ಉಳಿದ 17 ಗುಂಟೆ ಹೇಗಿದ್ದರೂ ಬಿಡಬೇಕು. ತಂದೆಯ ಹೆಸರಲ್ಲಿ 1999ರಲ್ಲಿ ಎಷ್ಟು ಜಮೀನಿತ್ತು ಅನ್ನೋದನ್ನೂ ನೋಡ್ತಾರೆ. ಆಮೇಲೆ ಚಿಕ್ಕಪ್ಪಂದಿರ ಜೊತೆ ಪಾಲಾಗಿದ್ದರೆ ಆ ಲೆಕ್ಕ ಬದಲಾಗಬಹುದು.

ಮೂರನೇದು ಜಾಗ ಎಂಥದು ಅನ್ನೋದು. ಕೆರೆ, ಹಳ್ಳ, ದಾರಿ, ಸ್ಮಶಾನ, ಗುಂಡುತೋಪು, ಸಾರ್ವಜನಿಕ ಬಳಕೆಗೆ ಬಿಟ್ಟ ಬಿ ಖರಾಬು ಆಗಿದ್ದರೆ ಮುಗೀತು, ಲೆಕ್ಕ ಹಾಕುವ ಪ್ರಶ್ನೆಯೇ ಇಲ್ಲ. ಬೆಂಗಳೂರು ಪಾಲಿಕೆ ಗಡಿಯಿಂದ 18 ಕಿಲೋಮೀಟರ್ ಒಳಗಿದ್ದರೂ ಇಲ್ಲ. ಬೇರೆ ಪಟ್ಟಣಗಳಿಗೂ ಬೇರೆ ಬೇರೆ ದೂರ ಇದೆ. ನಿಮ್ಮೂರು ಅರಸೀಕೆರೆ ಪಟ್ಟಣದ ಪಕ್ಕದಲ್ಲೇ ಇದ್ದರೆ ಅದನ್ನ ಕೇಳಿ ತಿಳ್ಕೊಳ್ಳಿ.

ಕಾಫಿಮಲೆ

ನಮ್ಮ ಚಿಕ್ಕಮಗಳೂರು ಕಡೆ ಎರಡು ತರ ಇದೆ, ಹೇಳ್ತೀನಿ. ಕಂದಾಯ ಜಾಗ ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ ಈಗ ಸರ್ಕಾರ 25 ಎಕರೆವರೆಗೆ 30 ವರ್ಷಕ್ಕೆ ಗುತ್ತಿಗೆ ಕೊಡುವ ತಿದ್ದುಪಡಿ ತಂದಿದೆ. ನಮ್ಮೂರಲ್ಲಿ 'ಹಕ್ಕು ಸಿಕ್ತು' ಅಂತ ಸಿಹಿ ಹಂಚಿದವರೂ ಇದ್ದಾರೆ. ಹಕ್ಕು ಎಲ್ಲಿ ಸಿಕ್ಕಿದೆ? ಗುತ್ತಿಗೆ ಪತ್ರಕ್ಕೆ ಸಹಿ ಹಾಕಿದರೆ ಮಾಲೀಕ ಸರ್ಕಾರ ಅಂತ ಇನ್ನೊಂದು ಸಲ ಬರೆದುಕೊಟ್ಟ ಹಾಗೆ. ಬಾಡಿಗೆ ಕಟ್ಟಿ ಅನುಭವಿಸುವುದು ಅಷ್ಟೆ.

ಅರಣ್ಯ ಜಾಗದ್ದು ಇನ್ನೂ ಬಿಗಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆ ಇಲ್ಲದೆ ರಾಜ್ಯ ಏನೂ ಕೊಡೋಕಾಗಲ್ಲ. 27-4-1978ಕ್ಕಿಂತ ಹಿಂದಿನ ಒತ್ತುವರಿ ಆದರೆ ಮಾತ್ರ ಪರಿಗಣನೆ. ಎಷ್ಟೋ ಜನ ಕಂದಾಯ ಜಾಗ ಅಂದುಕೊಂಡು ನಮೂನೆ 57 ಹಾಕಿದ್ದಾರೆ, ಸರ್ವೆ ಮಾಡಿದಾಗ ಅರಣ್ಯ ಅಂತ ಬಂದಿದೆ. ಅಲ್ಲಿಗೆ ಅರ್ಜಿ ವಜಾ.

ಆದರೆ ಒಂದು ಮಾತು ಸೇರಿಸ್ತೀನಿ. ಅರಣ್ಯ ಹಕ್ಕು ಕಾಯ್ದೆ, 2006ರದ್ದು, ಬೇರೆ ತರ. ಅದು 'ಹಕ್ಕು' ಅಂತಲೇ ಹೇಳುತ್ತೆ, ಹಿಂದಿನಿಂದ ಇದ್ದ ಹಕ್ಕನ್ನ ಗುರುತಿಸುತ್ತೆ. ಪರಿಶಿಷ್ಟ ಪಂಗಡದವರು 13-12-2005ಕ್ಕಿಂತ ಮೊದಲು ಅಲ್ಲಿ ಇದ್ದಿರಬೇಕು, ಬೇರೆಯವರಾದರೆ ಮೂರು ತಲೆಮಾರು, 75 ವರ್ಷ. ಹಾಗಾಗಿ 'ವರ್ಷಕ್ಕೆ ಎಲ್ಲೂ ಬೆಲೆ ಇಲ್ಲ' ಅಂತ ಸಾರಾಸಗಟಾಗಿ ಹೇಳೋದನ್ನ ನಾನು ಒಪ್ಪಲ್ಲ.

ಹಳೇಶಿರಸ್ತೇದಾರ್

ಒಳ್ಳೇ ಮಾತು. ಅಲ್ಲೂ ಹಕ್ಕು ಕೊಡೋದು ಸಂಸತ್ತು ಮಾಡಿದ ಕಾಯ್ದೆ ಅನ್ನೋದನ್ನ ಮಾತ್ರ ಗಮನಿಸಿ. ಕಾಡಲ್ಲೇ ಬದುಕಿದ ಸಮುದಾಯಗಳಿಗೆ ಹಿಂದೆ ಆದ ಅನ್ಯಾಯ ಸರಿಪಡಿಸೋಕೆ ಮಾಡಿದ್ದು. ಗೋಮಾಳ ಉಳುವವರಿಗೆ ಅಂಥ ಕಾಯ್ದೆ ಇಲ್ಲ.

ಕೋರ್ಟ್‌ಕಟ್ಟೆ

ಸಾರ್, ನಾನು ಇನ್ನೊಂದು ಕಡೆಯಿಂದ ಕೇಳ್ತೀನಿ. ಹಕ್ಕಿಲ್ಲ ಅಂತಾದರೆ ನಾಳೆ ಬೆಳಿಗ್ಗೆ ಜೆಸಿಬಿ ತಂದು ನುಗ್ಗಿಸಬಹುದಾ? ಹಾಗೂ ಆಗಬಾರದಲ್ವಾ?

ಹಳೇಶಿರಸ್ತೇದಾರ್

ಆಗಬಾರದು. ಹಕ್ಕಿಲ್ಲದವನನ್ನೂ ಕ್ರಮದ ಪ್ರಕಾರವೇ ಎಬ್ಬಿಸಬೇಕು. ನೋಟಿಸ್ ಕೊಡಬೇಕು, ಉತ್ತರ ಕೇಳಬೇಕು, ಕಾರಣ ಬರೆದು ಆದೇಶ ಮಾಡಬೇಕು. ಸಕ್ರಮ ಅರ್ಜಿ ತೀರ್ಮಾನ ಆಗೋವರೆಗೆ ತೆರವು ಬೇಡ ಅಂತ ಹೈಕೋರ್ಟ್ ಹೇಳಿದ ಪ್ರಕರಣಗಳೂ ಇವೆ. ಆದರೆ ಅದು ಅರ್ಜಿಗೆ ಉತ್ತರ ಸಿಗೋವರೆಗಿನ ಉಸಿರಾಟ ಮಾತ್ರ. ಅರ್ಜಿ ವಜಾ ಆದ ದಿನ ಅದೂ ಮುಗಿಯುತ್ತೆ.

ಹಾಗೇ ಇನ್ನೊಂದು. ಸರ್ಕಾರಕ್ಕೆ ಹಕ್ಕಿದೆ ಅಂತ ಪಕ್ಕದ ಜಮೀನಿನವನು ಬಂದು ನಿಮ್ಮ ಬೆಳೆ ಕಿತ್ತು ಹಾಕುವಂತಿಲ್ಲ. ಅವನ ವಿರುದ್ಧ ನಿಮ್ಮ ಸ್ವಾಧೀನಕ್ಕೆ ರಕ್ಷಣೆ ಸಿಗುತ್ತೆ. ನಿಜವಾದ ಮಾಲೀಕನ ವಿರುದ್ಧ, ಅಂದರೆ ಸರ್ಕಾರದ ವಿರುದ್ಧ, ಕಾಯಂ ತಡೆಯಾಜ್ಞೆ ಸಿಗಲ್ಲ. ಬಹಳ ಜನ ಮೊದಲನೇದನ್ನ ಗೆದ್ದು ಎರಡನೇದನ್ನೂ ಗೆದ್ದೆವು ಅಂದುಕೊಳ್ತಾರೆ.

ರಾಗಿಹೊಲ ಅವರೇ, ನೋಟಿಸಿಗೆ ಉತ್ತರ ಬರೆಯುವಾಗ '40 ವರ್ಷದ ಅನುಭವದಿಂದ ನಾನೇ ಮಾಲೀಕ' ಅಂತ ಬರೀಬೇಡಿ. ಹಾಗೆ ಬರೆದರೆ ನಿಮ್ಮ ತಂದೆ 'ಸರ್ಕಾರದ್ದು, ಮಂಜೂರು ಮಾಡಿ' ಅಂದ ಅರ್ಜಿಗೂ ಇದಕ್ಕೂ ತಾಳೆ ಆಗಲ್ಲ. ನಮೂನೆ 53 ಬಾಕಿ ಇದೆ, ಸ್ವೀಕೃತಿ ಇಲ್ಲಿದೆ, 14-4-1990ಕ್ಕಿಂತ ಮೊದಲಿನ ಉಳುಮೆಗೆ 1987ರ ದಂಡದ ರಸೀದಿ ಇಲ್ಲಿದೆ, ಅರ್ಜಿಯನ್ನ ಸಮಿತಿ ಮುಂದಿಟ್ಟು ತೀರ್ಮಾನಿಸಿ, ಅಲ್ಲಿಯವರೆಗೆ ತೆರವು ಬೇಡ ಅಂತ ಬರೆಯಿರಿ. ಒಡೆತನಕ್ಕೆ ಕೆಲಸಕ್ಕೆ ಬಾರದ ಅದೇ ರಸೀದಿ ಇಲ್ಲಿ ಕೆಲಸಕ್ಕೆ ಬರುತ್ತೆ. ಅರ್ಜಿ ಈಗಾಗಲೇ ವಜಾ ಆಗಿದೆಯಾ ಅಂತ ಮೊದಲು ಕಡತ ನೋಡಿಸಿ. ಎಷ್ಟೋ ಅರ್ಜಿಗಳು ಅರ್ಜಿದಾರರಿಗೆ ಹಿಂಬರಹ ತಲುಪದೇ ವಜಾ ಆಗಿರುತ್ತವೆ. ತಾಲ್ಲೂಕು ಕಚೇರಿಯಲ್ಲಿ ಮಾಹಿತಿ ಹಕ್ಕಲ್ಲಿ ಪೂರ್ತಿ ಕಡತದ ನಕಲು ಕೇಳಿ.

ರಾಗಿಹೊಲ

ಆಯ್ತು ಸಾರ್, ಹಾಗೇ ಬರೀತೀನಿ. ಆದರೆ ಅಪ್ಪ ಈಗ ಇಲ್ಲ. ಅವರ ಹೆಸರಿನ ಅರ್ಜಿಯನ್ನ ನನ್ನ ಹೆಸರಿಗೆ ಮುಂದುವರಿಸ್ತಾರಾ? 1999ರಲ್ಲಿ ನನಗೆ 11 ವರ್ಷ.

ಹಳೇಶಿರಸ್ತೇದಾರ್

ಇದರಲ್ಲಿ ಒಂದೇ ರೀತಿ ನಡೆಯುತ್ತಿಲ್ಲ. ವಾರಸುದಾರರ ಹೆಸರು ಸೇರಿಸಿ ಮುಂದುವರಿಸಿದ ಕಡತಗಳನ್ನ ನಾನೇ ನೋಡಿದ್ದೇನೆ. ಅರ್ಜಿದಾರ ತೀರಿಕೊಂಡರು ಅಂತ ಮುಚ್ಚಿದ ಕಡತಗಳನ್ನೂ ನೋಡಿದ್ದೇನೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ತಾಯಿ ಮತ್ತು ಒಡಹುಟ್ಟಿದವರ ಒಪ್ಪಿಗೆ ಸೇರಿಸಿ ಲಿಖಿತವಾಗಿ ಕೇಳಿ. ಇಲ್ಲ ಅಂದರೆ ಕಾರಣ ಬರೆದು ಕೊಡಲಿ. ಆ ಆದೇಶ ಕೈಗೆ ಬಂದರೆ ಮೇಲ್ಮನವಿಗೆ ದಾರಿ ಇರುತ್ತೆ. ಅದಕ್ಕೆ ಕಾಲಮಿತಿ ಇದೆ, ಹಾಗಾಗಿ ತಾಲ್ಲೂಕಿನ ಒಬ್ಬ ಕಂದಾಯ ವಕೀಲರನ್ನ ಈಗಲೇ ಕಂಡುಕೊಂಡಿರಿ.

ಕುರಿಹಟ್ಟಿ

ನನಗೂ ಒಂದು ಪ್ರಶ್ನೆ ಇದೆ ಸಾರ್. ಆ ಸಮಿತಿ ಕೂತು ತೀರ್ಮಾನ ಮಾಡುವಾಗ ದನ ಕುರಿ ಇಟ್ಟುಕೊಂಡವರು ಆಕ್ಷೇಪಣೆ ಕೊಡಬಹುದಾ? ಕೊಟ್ಟರೆ ಓದ್ತಾರಾ?

ಹಳೇಶಿರಸ್ತೇದಾರ್

ಕೊಡಿ ತಂಗಿ. ಊರಿನ ಜಾನುವಾರು ಲೆಕ್ಕ ಪಶುವೈದ್ಯರ ಕಚೇರಿಯಿಂದ, ಗೋಮಾಳದ ವಿಸ್ತೀರ್ಣ ಪಹಣಿಯಿಂದ ತೆಗೆದು, ಎಷ್ಟು ಕೊರತೆ ಅಂತ ಒಂದೇ ಪುಟದಲ್ಲಿ ಬರೆದು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಸಹಿ ಜಾಸ್ತಿ ಜನರದ್ದು ಇರಲಿ. ಓದೇ ಓದ್ತಾರೆ ಅಂತ ನಾನು ಮಾತು ಕೊಡೋಕಾಗಲ್ಲ. ಆದರೆ ಕಡತದಲ್ಲಿ ಆ ಕಾಗದ ಇದ್ದೂ ಕೊರತೆಯ ಗೋಮಾಳ ಮಂಜೂರು ಮಾಡಿದರೆ, ಮೇಲಿನವರ ಮುಂದೆ ಆ ಆದೇಶ ನಿಲ್ಲೋದು ಕಷ್ಟ.

ತಿಪಟೂರು ತೆಂಗು

ನನ್ನ 2 ಎಕರೆಗೆ ಏನು ಮಾಡಲಿ ಅಂತ ಯಾರೂ ಹೇಳಲಿಲ್ಲ. ತೆಂಗು ಈಗಷ್ಟೇ ಫಲಕ್ಕೆ ಬಂದಿದೆ.

ಹಳೇಶಿರಸ್ತೇದಾರ್

ಇನ್ನೂ ದುಡ್ಡು ಹಾಕಬೇಡಿ. ಹೊಸ ಬೋರ್‌ವೆಲ್ ಬೇಡ, ಮನೆ ಬೇಡ. ಯಾರಿಗೂ ಮತ್ತೆ ಮಾರಬೇಡಿ, ಅದು ಇನ್ನೊಬ್ಬರನ್ನ ಇದೇ ತೊಂದರೆಗೆ ನೂಕುತ್ತೆ. ಸರ್ಕಾರಿ ಜಾಗ ಮಾರುವುದು, ಕೊಳ್ಳುವುದು ಭೂಕಬಳಿಕೆ ಅಂತ ಕ್ರಿಮಿನಲ್ ಮೊಕದ್ದಮೆಗೂ ದಾರಿ ಆಗಬಹುದು. ಮಾರಿದವರಿಂದ ಹಣ ವಾಪಸ್ ಕೇಳಬಹುದಾ, ಅದಕ್ಕೆ ಕಾಲಮಿತಿ ಇನ್ನೂ ಇದೆಯಾ ಅಂತ ಕರಾರು ಪತ್ರ ತೋರಿಸಿ ವಕೀಲರನ್ನ ಕೇಳಿ. ಪತ್ರ ನೋಡದೆ ನಾನು ಹೇಳೋಕಾಗಲ್ಲ.